ವಿಶ್ವದ ವಯಸ್ಸು ಮತ್ತು ವಿಶ್ವದ ಅಗಲ

ಕೆಲವು ತಿಂಗಳ ಹಿಂದೆ ನಕ್ಷತ್ರಗಳ ವಿಷಯವಾಗಿ ನಾನು ಮಾಡಿದ ಭಾಷಣವನ್ನು ಕೇಳಿದ ಶ್ರೋತೃಗಳೊಬ್ಬರು ನಿಲಯದ ವಿಳಾಸಕ್ಕೆ ಒಂದು ಕಾರ್ಡು ಬರೆದಿದ್ದರು. ಅದರ ಒಕ್ಕಣೆ ಹೀಗಿತ್ತು: “ವಿಶ್ವ ಹುಟ್ಟಿ 1380 ಕೋಟಿ ವರ್ಷಗಳಾದುವು ಎಂದಿರಿ. ಬೆಳಕಿಗಿಂತ ವೇಗವಾಗಿ ಯಾವುದೂ ಓಡಲಾರದು ಎಂದಿರಿ. ಕೊನೆಯಲ್ಲಿ, ನಮಗೆ ಕಾಣಬಲ್ಲ ವಿಶ್ವದ ಎಲ್ಲೆ 4600 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ ಎಂದೂ ಹೇಳಿಬಿಟ್ಟಿರಿ. ಗಂಟೆಗೆ ಒಂದು ಮೈಲಿ ನಡೆಯುವವನು ಹದಿನಾಲ್ಕು ಗಂಟೆಯಲ್ಲಿ ನಲವತ್ತಾರು ಮೈಲಿ ದಾಟಿದನೆಂದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ಮೂರು ಮಾತುಗಳಲ್ಲಿ ಒಂದು ಸುಳ್ಳಾಗಿರಬೇಕು. ಯಾವುದೆಂದು ದಯವಿಟ್ಟು ತಿಳಿಸಿ.”

ಕಾರ್ಡನ್ನು ಓದಿ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಇದೇ ಪ್ರಶ್ನೆಯನ್ನು ಹುಡುಗರು ಎಷ್ಟೋ ಸಲ ಕೇಳಿದ್ದರು. “ವಿಶ್ವ ಬೆಳಕಿಗಿಂತ ವೇಗವಾಗಿ ಹಿಗ್ಗಿತು, ಅಷ್ಟೆ” ಎಂದು ಹೇಳಿ ನಾನು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಉತ್ತರವೂ ಅಲ್ಲ. ಕೇಳಿದವನ ಬಾಯಿ ಮುಚ್ಚಿಸುವ ಮಾತು ಅದು. ಕಾರ್ಡು ಬರೆದವರ ಲೆಕ್ಕ ನ್ಯಾಯವಾದದ್ದು. ಮೂರು ಮಾತುಗಳೂ ನಿಜವಾಗಿದ್ದರೆ ಅವು ಹೇಗೆ ಹೊಂದಿಕೊಳ್ಳುತ್ತವೆಂದು ತೋರಿಸಬೇಕಾದದ್ದು ಹೇಳಿದವನ ಹೊಣೆ. ಆ ಬಾಕಿಯನ್ನು ಈ ಲೇಖನದಲ್ಲಿ ತೀರಿಸಲು ಯತ್ನಿಸುತ್ತೇನೆ.

ಮೊದಲು ಅಳತೆಗೋಲನ್ನು ನೋಡೋಣ. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಹೋಗುತ್ತದೆ. ಈ ನಿಲಯದಿಂದ ಹೊರಡುವ ರೇಡಿಯೋ ಅಲೆಯೂ ಬೆಳಕಿನ ಜಾತಿಗೇ ಸೇರಿದ್ದು. ಅದರ ವೇಗವೂ ಅಷ್ಟೆ. ಚಂದ್ರನನ್ನು ಮುಟ್ಟಲು ಅದಕ್ಕೆ ಒಂದೂಕಾಲು ಸೆಕೆಂಡಿಗೆ ತುಸು ಹೆಚ್ಚು ಸಾಕು. ಸೂರ್ಯನಿಂದ ನಮ್ಮ ಅಂಗಳಕ್ಕೆ ಬಿಸಿಲು ಬರಲು ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಒಂದು ವರ್ಷದಲ್ಲಿ ಬೆಳಕು ಸಾಗುವ ದೂರವೇ ಒಂದು ಜ್ಯೋತಿರ್ವರ್ಷ. ಹೆಸರಿನಲ್ಲಿ ವರ್ಷವಿದ್ದರೂ ಅದು ಕಾಲದ ಅಳತೆಯಲ್ಲ, ದೂರದ ಅಳತೆ.

ಹತ್ತಿರದ ವಸ್ತುಗಳ ವಿಷಯದಲ್ಲಿ ಈ ಅಳತೆ ಯಾವ ತೊಡಕನ್ನೂ ತರುವುದಿಲ್ಲ. ನಮ್ಮ ಸೂರ್ಯನಂಥ ಕೋಟಿ ಕೋಟಿ ನಕ್ಷತ್ರಗಳು ಒಟ್ಟುಗೂಡಿದ ಮಹಾಸಮೂಹವೊಂದನ್ನು ಗೆಲಕ್ಸಿ ಎನ್ನುತ್ತಾರೆ. ನಾವಿರುವ ಗೆಲಕ್ಸಿ ಆಕಾಶಗಂಗೆ. ನೆರೆಯ ದೊಡ್ಡ ಗೆಲಕ್ಸಿ ಆಂಡ್ರೊಮಿಡ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರ ಬೆಳಕು 25 ಲಕ್ಷ ವರ್ಷ ಪ್ರಯಾಣ ಮಾಡಿ ಬಂದಿದೆ. ವರ್ಷವೂ ಜ್ಯೋತಿರ್ವರ್ಷವೂ ಇಲ್ಲಿ ಸರಿಸಮ. ಕಾರ್ಡು ಬರೆದವರ ಲೆಕ್ಕ ಇಲ್ಲಿ ಪೂರ್ತಿಯಾಗಿ ಒಪ್ಪುತ್ತದೆ.

ಆ ಲೆಕ್ಕದಲ್ಲಿ ನಾವು ಹೇಳದೆಯೇ ಒಪ್ಪಿಕೊಂಡ ಒಂದು ಮಾತಿದೆ. ನಡೆಯುವವನು ನಡೆಯುತ್ತಿರುವಾಗ ರಸ್ತೆ ಇದ್ದಷ್ಟೇ ಉದ್ದ ಇರುತ್ತದೆ ಎಂಬುದೇ ಆ ಮಾತು. ನಮ್ಮೂರಿನ ರಸ್ತೆಗಳ ಮಟ್ಟಿಗೆ ಅದು ನಿಜ. ಗೆಲಕ್ಸಿಗಳ ನಡುವಿನ ದಾರಿಯಲ್ಲಿ ಅದು ನಿಜವಲ್ಲ. ಅಲ್ಲಿ ಬೆಳಕು ಸಾಗುತ್ತಿರುವಾಗಲೇ ದಾರಿ ಉದ್ದವಾಗುತ್ತ ಹೋಗುತ್ತದೆ.

ಇದು ಹೇಗೆ ಗೊತ್ತಾಯಿತು? ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಅದು ಬಣ್ಣಗಳಾಗಿ ಹರಡಿಕೊಳ್ಳುತ್ತದಷ್ಟೆ. ಆ ಬಣ್ಣದ ಪಟ್ಟಿಯಲ್ಲಿ ಹೈಡ್ರೋಜನ್, ಕ್ಯಾಲ್ಸಿಯಂ ಮೊದಲಾದ ಧಾತುಗಳು ತಮ್ಮ ತಮ್ಮ ಗೊತ್ತಾದ ಸ್ಥಾನಗಳಲ್ಲಿ ಗೆರೆಗಳನ್ನು ಮೂಡಿಸುತ್ತವೆ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ವೆಸ್ಟೊ ಸ್ಲೈಫರ್ ಎಂಬಾತ ಗೆಲಕ್ಸಿಗಳ ಬೆಳಕನ್ನು ಹೀಗೆ ಪರೀಕ್ಷಿಸಿದಾಗ, ಬಹುಪಾಲು ಗೆಲಕ್ಸಿಗಳಲ್ಲಿ ಆ ಗೆರೆಗಳು ತಮ್ಮ ಸ್ಥಾನದಿಂದ ಕೆಂಪಿನ ಕಡೆಗೆ ಸರಿದಿದ್ದುವು. ಕೆಂಪಿನ ಕಡೆಗೆ ಸರಿಯುವುದೆಂದರೆ ಅಲೆಯ ಉದ್ದ ಹಿಗ್ಗಿದೆ ಎಂದರ್ಥ. ಬೆಲ್ಜಿಯಂ ದೇಶದ ಜಾರ್ಜ್ ಲಮೇತ್ರ್ 1927ರಲ್ಲಿ, ಐನ್‌ಸ್ಟೈನರ ಸಮೀಕರಣಗಳನ್ನು ಆಧರಿಸಿ, ವಿಶ್ವವೇ ಹಿಗ್ಗುತ್ತಿದೆ ಎಂದು ಇದಕ್ಕೆ ಅರ್ಥ ಹೇಳಿದರು. 1929ರಲ್ಲಿ ಎಡ್ವಿನ್ ಹಬಲ್, ದೂರ ಹೆಚ್ಚಿದಷ್ಟೂ ಈ ಸರಿತವೂ ಹೆಚ್ಚು ಎಂಬುದನ್ನು ತಮ್ಮ ಅಳತೆಗಳಿಂದ ತೋರಿಸಿದರು.

ಇಲ್ಲಿ ಒಂದು ತಪ್ಪು ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಬೇಕು. ಪಟಾಕಿ ಸಿಡಿದು ಚೂರುಗಳು ಬಯಲಿನಲ್ಲಿ ಹಾರಿದಂತೆ ಗೆಲಕ್ಸಿಗಳು ಎಲ್ಲಿಂದಲೋ ಸಿಡಿದು ಓಡುತ್ತಿಲ್ಲ. ಅವುಗಳ ನಡುವಿನ ಎಡೆಯೇ, ಶಾಸ್ತ್ರದ ಮಾತಿನಲ್ಲಿ ಅವಕಾಶವೇ, ಹಿಗ್ಗುತ್ತಿದೆ. ರೊಟ್ಟಿಯ ಹಿಟ್ಟು ಉಬ್ಬುವಾಗ ಅದರೊಳಗಿನ ಒಣದ್ರಾಕ್ಷಿಗಳು ತಾವು ಚಲಿಸದೆಯೇ ಒಂದರಿಂದೊಂದು ದೂರವಾಗುವುದಿಲ್ಲವೆ, ಹಾಗೆ. ದ್ರಾಕ್ಷಿ ಉಬ್ಬುವುದಿಲ್ಲ, ಹಿಟ್ಟು ಉಬ್ಬುತ್ತದೆ. ನಮ್ಮ ದೇಹ, ಭೂಮಿ, ಸೂರ್ಯನ ಪರಿವಾರ, ಒಂದು ಗೆಲಕ್ಸಿಯ ಒಳಗಿನ ನಕ್ಷತ್ರಗಳು, ಇವನ್ನೆಲ್ಲ ವಿದ್ಯುದ್ಬಲಗಳೋ ಗುರುತ್ವಾಕರ್ಷಣೆಯೋ ಬಿಗಿಯಾಗಿ ಹಿಡಿದಿವೆ, ಇವು ಹಿಗ್ಗುವುದಿಲ್ಲ. ಆಂಡ್ರೊಮಿಡವೂ ನಮ್ಮ ಆಕಾಶಗಂಗೆಯೂ ಪರಸ್ಪರ ಆಕರ್ಷಣೆಯಿಂದ ಹತ್ತಿರವಾಗುತ್ತಲೇ ಇವೆ. ಇಂಥ ಹಿಡಿತದಿಂದ ಆಚೆಗಿನ ಮಹಾದೂರಗಳಲ್ಲಿ ಮಾತ್ರ ಹಿಗ್ಗುವಿಕೆಯ ಆಟ.

ಈಗ ಒಂದು ಇರುವೆಯನ್ನು ಕರೆತರೋಣ. ಎರಡು ಅಂಗುಲ ಉದ್ದದ ಒಂದು ರಬ್ಬರ್ ಪಟ್ಟಿಯ ಬಲತುದಿಯನ್ನು ಮೇಜಿಗೆ ಮೊಳೆ ಹೊಡೆದು ನಿಲ್ಲಿಸಿದ್ದೇವೆ. ಆ ಮೊಳೆಯೇ ನಾವು. ಎಡತುದಿಯಲ್ಲಿ ಒಂದು ಇರುವೆ. ಅದು ನಮ್ಮ ಕಡೆಗೆ ನಿಮಿಷಕ್ಕೆ ಒಂದು ಅಂಗುಲದಂತೆ ನಡೆಯುತ್ತದೆ. ಅದಕ್ಕಿಂತ ಹೆಚ್ಚು ನಡೆಯುವ ಶಕ್ತಿ ಅದಕ್ಕಿಲ್ಲ. ಪ್ರತಿ ನಿಮಿಷದ ಕೊನೆಯಲ್ಲಿ ನಾವು ಎಡತುದಿಯನ್ನು ಹಿಡಿದು ಪಟ್ಟಿಯನ್ನು ಎರಡು ಅಂಗುಲ ಹೆಚ್ಚು ಉದ್ದವಾಗುವಂತೆ ಎಳೆಯುತ್ತೇವೆ. ಎಳೆದಾಗ ಪಟ್ಟಿ ಎಲ್ಲ ಕಡೆಯೂ ಸಮನಾಗಿ ಹಿಗ್ಗುತ್ತದೆ.

ಮೊದಲ ನಿಮಿಷದಲ್ಲಿ ಇರುವೆ ಒಂದು ಅಂಗುಲ ನಡೆಯಿತು. ಇನ್ನು ಉಳಿದದ್ದು ಒಂದೇ ಅಂಗುಲ. ಆಗ ಪಟ್ಟಿಯನ್ನು ಎರಡರಿಂದ ನಾಲ್ಕು ಅಂಗುಲಕ್ಕೆ ಎಳೆದೆವು. ಉಳಿದಿದ್ದ ಒಂದು ಅಂಗುಲ ಎರಡಾಯಿತು. ಪಾಪ, ಒಂದು ನಿಮಿಷ ನಡೆದರೂ ಇರುವೆ ನಮಗೆ ಒಂದಿಷ್ಟೂ ಹತ್ತಿರವಾಗಲಿಲ್ಲ! ಎರಡನೆಯ ನಿಮಿಷದಲ್ಲಿ ಇನ್ನೊಂದು ಅಂಗುಲ ನಡೆಯಿತು. ಒಂದು ಅಂಗುಲ ಉಳಿಯಿತು. ಪಟ್ಟಿಯನ್ನು ಆರು ಅಂಗುಲಕ್ಕೆ ಎಳೆದಾಗ ಉಳಿದದ್ದು ಒಂದೂವರೆ ಆಯಿತು. ಮೂರನೆಯ ನಿಮಿಷದಲ್ಲಿ ಮತ್ತೊಂದು ಅಂಗುಲ, ಉಳಿದದ್ದು ಅರ್ಧ. ಪಟ್ಟಿ ಎಂಟು ಅಂಗುಲವಾದಾಗ ಆ ಅರ್ಧ ಒಂದು ಅಂಗುಲದ ಮೂರರಲ್ಲಿ ಎರಡು ಪಾಲಾಯಿತು. ಅದನ್ನು ನಲವತ್ತು ಸೆಕೆಂಡಿನಲ್ಲಿ ನಡೆದು ಇರುವೆ ಮೊಳೆಯನ್ನು ಮುಟ್ಟಿತು.

ಈಗ ಮೂರು ಸಂಖ್ಯೆಗಳನ್ನು ಬರೆದುಕೊಳ್ಳಿ. ಇರುವೆ ಹೊರಟಾಗ ಅದು ನಮ್ಮಿಂದ ಇದ್ದ ದೂರ 2 ಅಂಗುಲ. ಅದು ತನ್ನ ಕಾಲಿನಿಂದ ನಡೆದದ್ದು 3 ನಿಮಿಷ 40 ಸೆಕೆಂಡು, ಎಂದರೆ ಮೂರು ಮುಕ್ಕಾಲು ಅಂಗುಲಕ್ಕೆ ತುಸು ಕಡಿಮೆ. ಅದು ಹೊರಟಿದ್ದ ತುದಿ ಈಗ ಇರುವುದು ನಮ್ಮಿಂದ 8 ಅಂಗುಲ ದೂರದಲ್ಲಿ. ಇರುವೆ ಎಲ್ಲಿಯೂ ತನ್ನ ವೇಗವನ್ನು ಮೀರಲಿಲ್ಲ. ಯಾರೂ ಸುಳ್ಳು ಹೇಳಲಿಲ್ಲ. ಆದರೂ ನಾಲ್ಕು ನಿಮಿಷಕ್ಕೂ ಕಡಿಮೆ ನಡೆದ ಇರುವೆ, ಎಂಟು ಅಂಗುಲ ದೂರದ ಊರಿನಿಂದ ಬಂದಿದೆ.

ಈ ಎಂಟು ಅಂಗುಲ ಎಲ್ಲಿಂದ ಬಂತೆಂದು ಲೆಕ್ಕ ಹಾಕಿದರೆ ವಿಷಯದ ಗುಟ್ಟು ತಿಳಿಯುತ್ತದೆ. ಮೊದಲ ನಿಮಿಷದಲ್ಲಿ ಇರುವೆ ನಡೆದ ಒಂದು ಅಂಗುಲ, ಆಗಿನ ಪಟ್ಟಿಯ ಅರ್ಧ. ಪಟ್ಟಿ ಎಂಟು ಅಂಗುಲವಾದಾಗ ಆ ಭಾಗ ನಾಲ್ಕು ಅಂಗುಲವಾಗಿ ಬೆಳೆದಿದೆ. ಎರಡನೆಯ ಅಂಗುಲ ಎರಡಾಗಿದೆ. ಮೂರನೆಯದು ಒಂದೂ ಮೂರನೆಯ ಒಂದು ಪಾಲಾಗಿದೆ. ಕೊನೆಯ ತುಣುಕು ಇದ್ದಷ್ಟೇ ಇದೆ. ಎಲ್ಲ ಕೂಡಿದರೆ ಎಂಟು. ಅಂಚೆಕಚೇರಿಯಲ್ಲಿ ಹಣ ಇಡುವವರಿಗೆ ಇದು ಹೊಸ ಮಾತಲ್ಲ. ಮೊದಲು ಕಟ್ಟಿದ ರೂಪಾಯಿಗೆ ಬಡ್ಡಿ ಹೆಚ್ಚು, ನಿನ್ನೆ ಕಟ್ಟಿದ ರೂಪಾಯಿ ರೂಪಾಯಿಯಾಗಿಯೇ ಇರುತ್ತದೆ. ಕಟ್ಟಿದ ಮೊತ್ತವೇ ಬೇರೆ, ಖಾತೆಯಲ್ಲಿ ಈಗಿರುವ ಮೊತ್ತವೇ ಬೇರೆ. ವಿಶ್ವದ ವಯಸ್ಸು ಬೆಳಕು ಕಟ್ಟಿದ ಮೊತ್ತ. ವಿಶ್ವದ ಅಗಲ ಬಡ್ಡಿ ಸೇರಿದ ಮೊತ್ತ.

ಇನ್ನು ನಿಜವಾದ ಒಂದು ಗೆಲಕ್ಸಿಗೆ ಬರೋಣ. 2021ರ ಕೊನೆಯಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕ ಬಹುದೂರದ ಒಂದು ಗೆಲಕ್ಸಿಯನ್ನು ಗುರುತಿಸಿದ ಸುದ್ದಿ 2024ರಲ್ಲಿ ಪ್ರಕಟವಾಯಿತು. ಅದರ ಹೆಸರು ಜೇಡ್ಸ್-ಜಿಎಸ್-ಜಡ್14-0 ಎಂದು. ಹೆಸರು ಕಠಿಣ, ವಿಷಯ ಸುಲಭ. ಹೈಡ್ರೋಜನ್ ಅನಿಲವು ನೇರಿಳೆಯಾಚೆಯ ಬೆಳಕನ್ನು 1216 ಆಂಗ್‌ಸ್ಟ್ರಾಂ ಎಂಬ ಗೊತ್ತಾದ ಅಲೆಯುದ್ದದ ಬಳಿ ನುಂಗಿ ಕತ್ತರಿಸಿಬಿಡುತ್ತದೆ. ಈ ಗೆಲಕ್ಸಿಯ ಬೆಳಕಿನಲ್ಲಿ ಆ ಕತ್ತರಿಯ ಗುರುತು ಕಂಡದ್ದು ಸುಮಾರು 18,500 ಆಂಗ್‌ಸ್ಟ್ರಾಂ ಬಳಿ, ಎಂದರೆ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕಿನಲ್ಲಿ. ಭಾಗಿಸಿ ನೋಡಿದರೆ ಅಲೆ ಹದಿನೈದು ಪಟ್ಟು ಹಿಗ್ಗಿದೆ. ಮುಂದೆ ಚಿಲಿ ದೇಶದಲ್ಲಿರುವ ಆಲ್ಮಾ ರೇಡಿಯೋ ದೂರದರ್ಶಕವು ಅದೇ ಗೆಲಕ್ಸಿಯಲ್ಲಿ ಆಮ್ಲಜನಕದ ಗೆರೆಯನ್ನು ಕಂಡು ಈ ಅಳತೆಯನ್ನು ಖಚಿತಪಡಿಸಿತು. ಅಲೆ ಹದಿನೈದು ಪಟ್ಟು ಹಿಗ್ಗಿತೆಂದರೆ, ಬೆಳಕು ಅಲ್ಲಿಂದ ಹೊರಟ ಮೇಲೆ ಅವಕಾಶವೂ ಹದಿನೈದು ಪಟ್ಟು ಹಿಗ್ಗಿದೆ. ಅಲೆಯೇ ನಮ್ಮ ರಬ್ಬರ್ ಪಟ್ಟಿಯ ಮೇಲೆ ಎಳೆದ ಗುರುತು.

ಬೆಳಕು ಹೊರಟಾಗ ವಿಶ್ವಕ್ಕೆ ಸುಮಾರು 30 ಕೋಟಿ ವರ್ಷ ವಯಸ್ಸು. ಆಗ ಆ ಗೆಲಕ್ಸಿ, ನಮ್ಮ ಆಕಾಶಗಂಗೆ ಮುಂದೆ ರೂಪುಗೊಳ್ಳಲಿದ್ದ ಸ್ಥಳದಿಂದ ಸುಮಾರು 220 ಕೋಟಿ ಜ್ಯೋತಿರ್ವರ್ಷ ದೂರದಲ್ಲಿತ್ತು. ಬೆಳಕು ನಡೆದು ಬಂದದ್ದು 1350 ಕೋಟಿ ವರ್ಷ. ಗೆಲಕ್ಸಿ ಈಗ ಇರುವುದು ಸುಮಾರು 3400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಇರುವೆಯ ಎರಡು, ಮೂರು ಮುಕ್ಕಾಲು, ಎಂಟು ಇಲ್ಲಿ ಮತ್ತೆ ಬಂದಿವೆ. ಪತ್ರಿಕೆಗಳು ಇಂಥ ಗೆಲಕ್ಸಿಯನ್ನು “1350 ಕೋಟಿ ಜ್ಯೋತಿರ್ವರ್ಷ ದೂರದ್ದು” ಎಂದು ಬರೆಯುತ್ತವೆ. ಅದು ಬೆಳಕು ನಡೆದ ಕಾಲ. ಹಿಂದೆ ಇದ್ದ ದೂರವೂ ಅಲ್ಲ, ಇಂದು ಇರುವ ದೂರವೂ ಅಲ್ಲ. ಗೊಂದಲ ಹುಟ್ಟುವುದೇ ಇಲ್ಲಿ.

ಇದಕ್ಕಿಂತಲೂ ಹಳೆಯ ಬೆಳಕು ಒಂದಿದೆ. ಅದನ್ನು ಮೊದಲು ಕೇಳಿದವರು ರೇಡಿಯೋ ಇಂಜಿನಿಯರಿಂಗಿನವರೆಂಬುದು ಈ ಪತ್ರಿಕೆಯ ಓದುಗರಿಗೆ ಸಂತೋಷದ ಸಂಗತಿ. 1964ರಲ್ಲಿ ಅಮೆರಿಕದ ನ್ಯೂಜರ್ಸಿ ಪ್ರಾಂತದ ಹೋಮ್‌ಡೆಲ್ ಎಂಬಲ್ಲಿ ಆರ್ನೊ ಪೆನ್ಸಿಯಸ್ ಮತ್ತು ರಾಬರ್ಟ್ ವಿಲ್ಸನ್ ಕಹಳೆಯಾಕಾರದ ಒಂದು ದೊಡ್ಡ ಆಂಟೆನಾವನ್ನು ಆಕಾಶದತ್ತ ತಿರುಗಿಸಿದಾಗ, ಎತ್ತ ತಿರುಗಿಸಿದರೂ ಒಂದೇ ಸಮನೆ ಸಣ್ಣ ಗುಸುಗುಸು ಸದ್ದು ಬರುತ್ತಿತ್ತು. ಉಪಕರಣದ ದೋಷವಿರಬೇಕೆಂದು ಜೋಡಣೆಗಳನ್ನು ಪರೀಕ್ಷಿಸಿದರು. ಒಳಗೆ ಗೂಡುಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ ಹಿಕ್ಕೆಯನ್ನು ತೊಳೆದರು. ಸದ್ದು ಹೋಗಲಿಲ್ಲ. ಅದು ವಿಶ್ವದ ಬಾಲ್ಯದ ಬೆಳಕು ರೇಡಿಯೋ ಅಲೆಯಾಗಿ ಹಿಗ್ಗಿ ಬಂದದ್ದೆಂದು 1965ರಲ್ಲಿ ಗೊತ್ತಾಯಿತು. 1978ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ವಿಶ್ವ ಹುಟ್ಟಿದ ಮೊದಲಲ್ಲಿ ಎಲ್ಲೆಲ್ಲಿಯೂ ಕುದಿಯುವ ಅನಿಲ ತುಂಬಿತ್ತು. ಮಂಜಿನಲ್ಲಿ ದೀಪದ ಬೆಳಕು ಚೆದುರುವಂತೆ ಅದರಲ್ಲಿ ಬೆಳಕು ಚೆದುರಿಹೋಗುತ್ತಿತ್ತು. ಸುಮಾರು 3 ಲಕ್ಷ 80 ಸಾವಿರ ವರ್ಷಗಳಾದಾಗ ಅನಿಲ 3000 ಡಿಗ್ರಿಯಷ್ಟಕ್ಕೆ ಆರಿತು, ತಿಳಿಯಾಯಿತು. ಬೆಳಕು ಬಿಡುಗಡೆ ಹೊಂದಿ ನೇರವಾಗಿ ಹೊರಟಿತು. ಅದರ ಉಷ್ಣತೆ ಇಂದು ನಿರಪೇಕ್ಷ ಸೊನ್ನೆಯ ಮೇಲೆ 2.7 ಡಿಗ್ರಿ ಮಾತ್ರ. 3000ವನ್ನು 2.7ರಿಂದ ಭಾಗಿಸಿದರೆ ಅವಕಾಶ ಎಷ್ಟು ಹಿಗ್ಗಿತೆಂದು ಸಿಗುತ್ತದೆ. ನಿಖರವಾದ ಲೆಕ್ಕದಲ್ಲಿ 1090 ಪಟ್ಟು.

ಇಂದು ನಮ್ಮ ಆಂಟೆನಾವನ್ನು ಮುಟ್ಟುವ ಆ ಬೆಳಕು ಹೊರಟಾಗ, ಅದರ ತವರು ನಮ್ಮಿಂದ 4 ಕೋಟಿ ಜ್ಯೋತಿರ್ವರ್ಷಕ್ಕಿಂತ ತುಸು ಹೆಚ್ಚು ದೂರದಲ್ಲಿತ್ತು, ಅಷ್ಟೆ. ಅಷ್ಟು ಹತ್ತಿರದಿಂದ ಹೊರಟದ್ದು ತಲಪಲು 1380 ಕೋಟಿ ವರ್ಷ ಹಿಡಿದದ್ದೇಕೆ? ಇರುವೆಯ ಮೊದಲ ನಿಮಿಷವನ್ನು ನೆನೆಯಿರಿ. ಆಗ ವಿಶ್ವ ಎಷ್ಟು ಬೇಗ ಹಿಗ್ಗುತ್ತಿತ್ತೆಂದರೆ, ನಮ್ಮ ಕಡೆಗೆ ಮುಖ ಮಾಡಿ ಓಡುತ್ತಿದ್ದ ಬೆಳಕು ನಮ್ಮಿಂದ ದೂರವೇ ಆಗುತ್ತಿತ್ತು. ವಿಶ್ವಕ್ಕೆ ಸುಮಾರು 400 ಕೋಟಿ ವರ್ಷವಾಗುವ ವೇಳೆಗೆ ಅದು 580 ಕೋಟಿ ಜ್ಯೋತಿರ್ವರ್ಷದಷ್ಟು ಹಿಂದೆ ಬಿದ್ದಿತ್ತು. ಆಮೇಲೆ ಹಿಗ್ಗುವಿಕೆ ಸಡಿಲಗೊಂಡು, ಬೆಳಕಿನದೇ ಮೇಲುಗೈಯಾಗಿ, ಅದು ನಿಜವಾಗಿ ಹತ್ತಿರ ಬರತೊಡಗಿತು. ಅದರ ತವರು ಈಗ 4 ಕೋಟಿಯ 1090 ಪಟ್ಟು, ಎಂದರೆ ಸುಮಾರು 4500 ಕೋಟಿ ಜ್ಯೋತಿರ್ವರ್ಷ ಆಚೆಗಿದೆ.

ಬಡ್ಡಿಯ ಲೆಕ್ಕವನ್ನು ಇಲ್ಲಿಯೂ ನೋಡಬಹುದು. ಹಳೆಯ ಬೆಳಕಿನ ತವರು 4500 ಕೋಟಿ, ವೆಬ್ ಕಂಡ ಗೆಲಕ್ಸಿ 3400 ಕೋಟಿ. ನಡುವಿನ 1100 ಕೋಟಿ ಜ್ಯೋತಿರ್ವರ್ಷಗಳನ್ನು ಬೆಳಕು ದಾಟಿದ್ದು ಮೊದಲ 30 ಕೋಟಿ ವರ್ಷಗಳಲ್ಲಿ. ಇತ್ತೀಚಿನ 30 ಕೋಟಿ ವರ್ಷಗಳಲ್ಲಿ ಅದೇ ಬೆಳಕು ದಾಟಿದ್ದು 30 ಕೋಟಿ ಜ್ಯೋತಿರ್ವರ್ಷಕ್ಕಿಂತ ಸ್ವಲ್ಪವೇ ಹೆಚ್ಚು. ಬೆಳಕಿನ ನಡಿಗೆ ಎರಡು ಸಲವೂ ಒಂದೇ, ಬಡ್ಡಿಯಲ್ಲಿ ವ್ಯತ್ಯಾಸ. 4500 ಕೋಟಿಯಿಂದ ಎಲ್ಲೆಯ 4600 ಕೋಟಿಯವರೆಗಿನ ಉಳಿದ ಭಾಗವೆಲ್ಲ ಆ ಮಂಜು ಮುಸುಕಿದ್ದ ಮೊದಲ 3 ಲಕ್ಷ 80 ಸಾವಿರ ವರ್ಷಗಳ ಪಾಲು.

“ಇದೆಲ್ಲ ಕಾಗದದ ಲೆಕ್ಕ, 4 ಕೋಟಿ ದೂರದಿಂದ ಹೊರಟಿತೆಂಬುದನ್ನು ಯಾರು ನೋಡಿದರು?” ಎಂದು ಕಾರ್ಡು ಬರೆದವರು ಮತ್ತೆ ಕೇಳಬಹುದು. ಕೇಳಬೇಕಾದದ್ದೇ. ಇದಕ್ಕೆ ಒಂದು ಸೊಗಸಾದ ಪರೀಕ್ಷೆಯಿದೆ, ಮತ್ತು ಅದರ ಮೂಲ ಶಬ್ದ. ಆ ಮೊದಲ ಅನಿಲದಲ್ಲಿ ಶಬ್ದದ ಅಲೆಗಳು ಓಡಾಡುತ್ತಿದ್ದುವು. ಅದರಲ್ಲಿ ಶಬ್ದದ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ತುಸು ಹೆಚ್ಚು. ಅನಿಲ ತಿಳಿಯಾದ ಗಳಿಗೆಯಲ್ಲಿ ಶಬ್ದ ನಿಂತುಹೋಯಿತು. ಅಷ್ಟರಲ್ಲಿ ಅದು ಎಷ್ಟು ದೂರ ತಲಪಿತ್ತೋ ಅಷ್ಟು ಅಂತರದ ಗುರುತುಗಳು ಬೆಳಕಿನ ಮೇಲೆ ಅಚ್ಚೊತ್ತಿದುವು. ಆ ದೂರ ಸುಮಾರು 4 ಲಕ್ಷ 30 ಸಾವಿರ ಜ್ಯೋತಿರ್ವರ್ಷ. ಗಮನಿಸಿ, 3 ಲಕ್ಷ 80 ಸಾವಿರ ವರ್ಷಗಳಲ್ಲಿ ಶಬ್ದ ತನ್ನ ಕಾಲಿನಿಂದ ನಡೆಯಬಹುದಾದದ್ದು 2 ಲಕ್ಷ 20 ಸಾವಿರದಷ್ಟು ಮಾತ್ರ, ಉಳಿದದ್ದು ಬಡ್ಡಿ. ಶಬ್ದವೂ ರಬ್ಬರ್ ಪಟ್ಟಿಯ ಮೇಲಿನ ಇರುವೆಯೇ ಆಗಿತ್ತು.

ಗೊತ್ತಾದ ಗಾತ್ರದ ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದರಿಂದ ಅದರ ದೂರವನ್ನು ಹೇಳಬಹುದಷ್ಟೆ. 4 ಲಕ್ಷ 30 ಸಾವಿರ ಜ್ಯೋತಿರ್ವರ್ಷದ ಗುರುತು 4 ಕೋಟಿ ಜ್ಯೋತಿರ್ವರ್ಷದಷ್ಟು ದೂರದಿಂದ ಹೊರಟು ಬಂದಿದ್ದರೆ, ಅದು ಆಕಾಶದಲ್ಲಿ ಸುಮಾರು 0.6 ಡಿಗ್ರಿ ಅಗಲವಾಗಿ ಕಾಣಬೇಕು. ಹುಣ್ಣಿಮೆ ಚಂದ್ರನಿಗಿಂತ ಸ್ವಲ್ಪ ಅಗಲ. ಅವಕಾಶ ಹಿಗ್ಗದೆಯೇ 1380 ಕೋಟಿ ಜ್ಯೋತಿರ್ವರ್ಷ ದೂರದಿಂದ ಬಂದಿದ್ದರೆ, ಅದು ಚಂದ್ರನ ಅಗಲದ ಮುನ್ನೂರರಲ್ಲಿ ಒಂದು ಪಾಲಿನಷ್ಟು ಸಣ್ಣ ಚುಕ್ಕೆಯಾಗಿ ಕಾಣಬೇಕಾಗಿತ್ತು. 2009ರಲ್ಲಿ ಯುರೋಪಿನವರು ಹಾರಿಸಿದ ಪ್ಲಾಂಕ್ ಉಪಗ್ರಹ ಇಡೀ ಆಕಾಶದ ನಕ್ಷೆಯನ್ನು ತೆಗೆದು ಈ ಗುರುತುಗಳನ್ನು ಅಳೆಯಿತು. ಸಿಕ್ಕ ಉತ್ತರ 0.6 ಡಿಗ್ರಿ. ಹತ್ತಿರದಿಂದ ಹೊರಟು ಬಹುಕಾಲ ನಡೆದು ಬಂದ ಬೆಳಕು ಎಂಬುದಕ್ಕೆ ಇದು ಕಣ್ಣಾರೆ ಕಂಡ ಸಾಕ್ಷ್ಯ.

ಇನ್ನು ಎರಡನೆಯ ಮಾತು: ಬೆಳಕಿಗಿಂತ ವೇಗವಾಗಿ ಯಾವುದೂ ಓಡಲಾರದು ಎಂಬುದು. ಇದು ಮುರಿಯಿತೆ? ಇಲ್ಲ. ಐನ್‌ಸ್ಟೈನರ ನಿಯಮ ಹೇಳುವುದು ಒಂದೇ ಸ್ಥಳದಲ್ಲಿ ಪಕ್ಕಪಕ್ಕದಲ್ಲಿ ಹಾದುಹೋಗುವವರ ವಿಷಯ. ದಾರಿಯ ಯಾವ ಜಾಗದಲ್ಲಿ ನಿಂತು ಅಳೆದರೂ ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರಿನಂತೆಯೇ ಹಾದುಹೋಗುತ್ತದೆ. ಯಾವ ಗೆಲಕ್ಸಿಯೂ ತನ್ನ ಪಕ್ಕದ ಬೆಳಕಿನ ಕಿರಣವನ್ನು ಹಿಂದೆ ಹಾಕುವುದಿಲ್ಲ. ಆದರೆ ನಡುವೆ ಕೋಟಿಗಟ್ಟಲೆ ಜ್ಯೋತಿರ್ವರ್ಷಗಳ ಅವಕಾಶವಿದ್ದು, ಅದರ ಪ್ರತಿಯೊಂದು ತುಣುಕೂ ಒಂದಿಷ್ಟು ಹಿಗ್ಗಿದರೆ, ಆ ಹಿಗ್ಗುಗಳೆಲ್ಲ ಕೂಡಿದ ಮೊತ್ತಕ್ಕೆ ಅಂಥ ಮಿತಿ ಇಲ್ಲ. ಇಂದಿನ ಗತಿಯಲ್ಲಿ ಸುಮಾರು 1400 ಕೋಟಿ ಜ್ಯೋತಿರ್ವರ್ಷದಾಚೆಯ ಗೆಲಕ್ಸಿಗಳು ಬೆಳಕಿನ ವೇಗಕ್ಕಿಂತ ಹೆಚ್ಚಿನ ಗತಿಯಲ್ಲಿ ನಮ್ಮಿಂದ ದೂರವಾಗುತ್ತಿವೆ. ಈ 1400 ವಯಸ್ಸಿನ 1380ಕ್ಕೆ ಹತ್ತಿರವಿರುವುದರಿಂದ, ಕಾಣುವ ವಿಶ್ವದ ಎಲ್ಲೆ ಇದೇ ಎಂದು ಎಷ್ಟೋ ಮಂದಿ ತಪ್ಪು ತಿಳಿಯುತ್ತಾರೆ. ಅದು ಎಲ್ಲೆಯಲ್ಲ. ವೆಬ್ ಕಂಡ ಗೆಲಕ್ಸಿ ಅದಕ್ಕಿಂತ ಬಹಳ ಆಚೆಗಿದೆ. ನಾವು ಅದನ್ನು ಕಂಡೇ ಇದ್ದೇವೆ. ಮೊದಲ ನಿಮಿಷದಲ್ಲಿ ಒಂದಿಷ್ಟೂ ಹತ್ತಿರವಾಗದ ಇರುವೆ ಕೊನೆಗೆ ಬಂದು ಸೇರಲಿಲ್ಲವೆ!

ಆದುದರಿಂದ ನಾನು ಹುಡುಗರಿಗೆ ಹೇಳುತ್ತಿದ್ದ ಉತ್ತರ ಏಕೆ ಸಾಲದೆಂದು ಈಗ ಹೇಳಬಲ್ಲೆ. ವೇಗ ಬೆಳಕಿಗಿಂತ ಹೆಚ್ಚಾಯಿತೋ ಇಲ್ಲವೋ ಎಂಬುದು ಮುಖ್ಯವಲ್ಲ. ಹಿಗ್ಗುವಿಕೆ ಎಷ್ಟೇ ಮೆಲ್ಲಗಿದ್ದರೂ, ದಾಟಿದ ದಾರಿ ದಾಟಿದ ಮೇಲೂ ಬೆಳೆಯುತ್ತಿದ್ದರೆ, ಅದರ ಇಂದಿನ ಉದ್ದ ನಡೆದ ಕಾಲಕ್ಕಿಂತ ಹೆಚ್ಚೇ ಆಗುತ್ತದೆ. ಎಷ್ಟು ಹೆಚ್ಚು ಎಂಬುದು ವಿಶ್ವ ಯಾವ ಕಾಲದಲ್ಲಿ ಯಾವ ಗತಿಯಲ್ಲಿ ಹಿಗ್ಗಿತೆಂಬುದರ ಮೇಲೆ ನಿಂತಿದೆ. ಬರಿಯ ದ್ರವ್ಯವೇ ತುಂಬಿದ, ತನ್ನ ಆಕರ್ಷಣೆಯಿಂದ ನಿಧಾನವಾಗುತ್ತ ಹಿಗ್ಗುವ ವಿಶ್ವವಾಗಿದ್ದರೆ ಉತ್ತರ ಸರಿಯಾಗಿ ಮೂರು ಪಟ್ಟು. ನಮ್ಮ ವಿಶ್ವದ ಹಿಗ್ಗುವಿಕೆ ಈಚಿನ ಕೆಲವು ನೂರು ಕೋಟಿ ವರ್ಷಗಳಲ್ಲಿ ಮತ್ತೆ ಚುರುಕಾಗಿದೆಯೆಂದು 1998ರಲ್ಲಿ ತಿಳಿದುಬಂತು. ಅದನ್ನೂ ಸೇರಿಸಿದಾಗ ಮೂರೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ.

ಈ ಲೆಕ್ಕದ ಮಿತಿಯನ್ನೂ ಹೇಳಬೇಕು. 4600 ಕೋಟಿ ಎಂಬುದು ಯಾರೂ ಹಗ್ಗ ಹಿಡಿದು ಅಳೆದ ದೂರವಲ್ಲ. ಇಂದು ಆ ಎಲ್ಲೆಯಲ್ಲಿರುವುದನ್ನು ನಾವು ನೋಡುತ್ತಿಲ್ಲ. ಅಲ್ಲಿಯ ದ್ರವ್ಯದ ಬಾಲ್ಯವನ್ನು ನೋಡಿ, ಇಂದು ಅದು ಎಲ್ಲಿರಬೇಕೆಂದು ಗಣಿಸುತ್ತಿದ್ದೇವೆ. ಇಂದಿನ ಹಿಗ್ಗುವಿಕೆಯ ಗತಿಯ ವಿಷಯದಲ್ಲಿಯೇ ಎರಡು ಬಗೆಯ ಅಳತೆಗಳು ಒಪ್ಪುತ್ತಿಲ್ಲ. ಪ್ರತಿ 32 ಲಕ್ಷ 60 ಸಾವಿರ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ 67 ಕಿಲೋಮೀಟರು ಎಂದು ಹಳೆಯ ಬೆಳಕಿನ ನಕ್ಷೆ ಹೇಳುತ್ತದೆ; ಹತ್ತಿರದ ಗೆಲಕ್ಸಿಗಳ ಒಂದು ಪ್ರಮುಖ ಅಳತೆ 73 ಎನ್ನುತ್ತದೆ. ಈ ವ್ಯಾಜ್ಯ ತೀರಿದಾಗ ನಮ್ಮ ಸಂಖ್ಯೆ ಒಂದಿಷ್ಟು ಅತ್ತಿತ್ತ ಸರಿಯಬಹುದು. ಅದು 1380ಕ್ಕೆ ಇಳಿಯುವ ಸಂಭವ ಮಾತ್ರ ಇಲ್ಲ. ಇನ್ನೊಂದು ಮಾತು: ಎಲ್ಲೆ ಎಂದರೆ ಗೋಡೆಯಲ್ಲ. ಸಮುದ್ರದಲ್ಲಿ ಹಡಗಿನವನಿಗೆ ಕಾಣುವ ದಿಗಂತದಂತೆ ಅದು. ಅದರಾಚೆಯೂ ವಿಶ್ವ ಇದೆ. ಅಲ್ಲಿಯ ಬೆಳಕು ಇನ್ನೂ ನಮ್ಮನ್ನು ತಲಪಿಲ್ಲ, ಅಷ್ಟೆ.

ಕಾರ್ಡು ಬರೆದವರಿಗೆ ನನ್ನ ಉತ್ತರ ಇದು. ತಾವು ಸುಳ್ಳೆಂದು ಶಂಕಿಸಿದ ಮೂರು ಮಾತುಗಳೂ ನಿಜ. ಸುಳ್ಳಾಗಿದ್ದದ್ದು ನಾನು ಹೇಳದೆ ಬಿಟ್ಟಿದ್ದ ನಾಲ್ಕನೆಯದು, ರಸ್ತೆ ಇದ್ದಷ್ಟೇ ಉದ್ದ ಇರುತ್ತದೆ ಎಂಬುದು. ಹದಿನಾಲ್ಕು ಗಂಟೆ ನಡೆದು ಬಂದ ತಮ್ಮೂರಿನ ಮನುಷ್ಯ ನಲವತ್ತಾರು ಮೈಲಿ ನಡೆಯಲಿಲ್ಲ, ನಡೆದದ್ದು ಹದಿನಾಲ್ಕೇ. ಅವನು ಹೊರಟ ಊರು ಈಗ ನಲವತ್ತಾರು ಮೈಲಿ ಆಚೆಗಿದೆ, ಅಷ್ಟೆ. ಅವನು ಹೊರಟಾಗ ಆ ಊರು ಕೂಗಳತೆಯ ದೂರದಲ್ಲಿತ್ತು.